ತೆರಿಗೆಯ ಡೆಡ್‌ವೇಟ್ ಲಾಸ್: ಗ್ರಾಫ್ ಹಾಳೆಯಲ್ಲಿ ಆ ತ್ರಿಕೋನ ಬಿಡಿಸಿ ಅಳೆಯುವುದು ಹೇಗೆ

ಒಂದು ವಸ್ತುವಿನ ಮೇಲೆ ಸರ್ಕಾರ ತೆರಿಗೆ ಹಾಕಿತು ಅಂದುಕೊಳ್ಳಿ. ಕೊಳ್ಳುವವರಿಗೆ ಸ್ವಲ್ಪ ನಷ್ಟ, ಮಾರುವವರಿಗೆ ಸ್ವಲ್ಪ ನಷ್ಟ. ಅವರಿಬ್ಬರೂ ಕಳೆದುಕೊಂಡದ್ದೆಲ್ಲ ಖಜಾನೆಗೆ ಸೇರಿದರೆ ಲೆಕ್ಕ ಸರಿಹೋಗುತ್ತಿತ್ತು. ಆದರೆ ಹಾಗಾಗುವುದಿಲ್ಲ. ಜನ ಕಳೆದುಕೊಳ್ಳುವುದು ಸಾಮಾನ್ಯವಾಗಿ ಖಜಾನೆಗೆ ಬರುವುದಕ್ಕಿಂತ ಸ್ವಲ್ಪ ಜಾಸ್ತಿ. ಯಾರ ಕೈಗೂ ಸಿಗದೆ ಹೋಗುವ ಆ ವ್ಯತ್ಯಾಸವೇ ಡೆಡ್‌ವೇಟ್ ಲಾಸ್.

ಇದು ಸೋರಿಕೆಯಲ್ಲ, ಲಂಚವಲ್ಲ, ತೆರಿಗೆ ವಸೂಲಿಯ ಖರ್ಚೂ ಅಲ್ಲ. ಒಂದು ಪೈಸೆ ಆಚೀಚೆಯಾಗದಂತೆ ತೆರಿಗೆ ವಸೂಲಾದರೂ ಈ ನಷ್ಟ ಇದ್ದೇ ಇರುತ್ತದೆ. ಯಾಕೆ ಅನ್ನುವುದನ್ನು ಒಂದೇ ಉದಾಹರಣೆ ಹಿಡಿದು ನೋಡೋಣ. ಗ್ರಾಫ್ ಹಾಳೆ, ಪೆನ್ಸಿಲ್, ಸ್ಕೇಲ್ ಹತ್ತಿರ ಇಟ್ಟುಕೊಳ್ಳಿ. ಓದುತ್ತಾ ಓದುತ್ತಾ ಬಿಡಿಸಿದರೆ ಮಾತ್ರ ಇದು ತಲೆಯಲ್ಲಿ ಉಳಿಯುತ್ತದೆ.

ಉದಾಹರಣೆ: ಕಾಲೇಜು ರಸ್ತೆಯ ಮಸಾಲೆ ದೋಸೆ

ಕಾಲೇಜು ರಸ್ತೆಯೊಂದರಲ್ಲಿ ಹಲವು ದರ್ಶಿನಿಗಳಿವೆ. ಎಲ್ಲ ಕಡೆ ದೋಸೆ ಒಂದೇ ಥರ. ಅಂಕಿಗಳು ಲೆಕ್ಕಕ್ಕೆಂದು ನಾನೇ ಇಟ್ಟುಕೊಂಡವು. ಬೆಲೆ P ಆದರೆ ಒಂದು ದಿನದ ಬೇಡಿಕೆ Qd ಮತ್ತು ಪೂರೈಕೆ Qs ಹೀಗಿವೆ:

```
Qd = 1200 - 10P
Qs = 20P - 300
```

ಬೆಲೆ ಒಂದು ರೂಪಾಯಿ ಏರಿದರೆ 10 ದೋಸೆಯ ಬೇಡಿಕೆ ತಗ್ಗುತ್ತದೆ. ಅದೇ ಒಂದು ರೂಪಾಯಿಗೆ ಅಂಗಡಿಯವರು 20 ದೋಸೆ ಹೆಚ್ಚಿಗೆ ಹಾಕಲು ತಯಾರಾಗುತ್ತಾರೆ. ಎರಡನ್ನೂ ಸಮ ಮಾಡಿದರೆ 30P = 1500. ಅಂದರೆ ಬೆಲೆ 50 ರೂಪಾಯಿ, ದಿನಕ್ಕೆ 700 ದೋಸೆ. ತೆರಿಗೆ ಇಲ್ಲದಾಗಿನ ಸಮತೋಲನ ಇದು.

ಹೆಜ್ಜೆ 1: ಎರಡು ರೇಖೆ ಎಳೆಯಿರಿ

ಅಡ್ಡ ಅಕ್ಷದಲ್ಲಿ ದೋಸೆಗಳ ಸಂಖ್ಯೆ, 1 ಸೆಂಟಿಮೀಟರಿಗೆ 100 ದೋಸೆ. ಲಂಬ ಅಕ್ಷದಲ್ಲಿ ಬೆಲೆ, 1 ಸೆಂಟಿಮೀಟರಿಗೆ 10 ರೂಪಾಯಿ. ಈ ಅಳತೆಯನ್ನು ಬದಲಾಯಿಸಬೇಡಿ, ಮುಂದೆ ಇದರಿಂದ ಒಂದು ಅನುಕೂಲ ಇದೆ.

ಬೇಡಿಕೆ ರೇಖೆ ಲಂಬ ಅಕ್ಷದ 120 ರೂಪಾಯಿಯಿಂದ ಹೊರಟು ಅಡ್ಡ ಅಕ್ಷದ 1200ಕ್ಕೆ ಇಳಿಯುತ್ತದೆ. ಪೂರೈಕೆ ರೇಖೆ ಲಂಬ ಅಕ್ಷದ 15 ರೂಪಾಯಿಯಿಂದ ಹೊರಟು ನಿಧಾನವಾಗಿ ಏರುತ್ತದೆ. ಎರಡೂ ಕೂಡುವ ಜಾಗ (700, 50). ಅದಕ್ಕೆ 'ಕ' ಎಂದು ಹೆಸರಿಡಿ.

ರೇಖೆಗಳನ್ನು ಓದುವ ರೀತಿ ಇಲ್ಲಿ ಮುಖ್ಯ. ಸಾಮಾನ್ಯವಾಗಿ ನಾವು "ಈ ಬೆಲೆಗೆ ಎಷ್ಟು ದೋಸೆ" ಎಂದು ಓದುತ್ತೇವೆ. ಡೆಡ್‌ವೇಟ್ ಲಾಸ್ ಅರ್ಥವಾಗಬೇಕಾದರೆ ಕೆಳಗಿನಿಂದ ಮೇಲಕ್ಕೆ ಓದಬೇಕು. ಯಾವುದಾದರೂ ಒಂದು ದೋಸೆಯ ಮೇಲೆ ಬೆರಳಿಟ್ಟು ನೇರ ಮೇಲೆ ಹೋಗಿ. ಪೂರೈಕೆ ರೇಖೆ ಸಿಕ್ಕ ಎತ್ತರವೇ ಆ ದೋಸೆ ಹಾಕಲು ಅಂಗಡಿಯವರಿಗೆ ಬೇಕಾದ ಕನಿಷ್ಠ ಹಣ. ಬೇಡಿಕೆ ರೇಖೆ ಸಿಕ್ಕ ಎತ್ತರ, ಅದನ್ನು ತಿನ್ನುವವರು ಕೊಡಲು ಒಪ್ಪುವ ಗರಿಷ್ಠ ಹಣ. ಈ ಎರಡು ಎತ್ತರಗಳ ನಡುವಿನ ಅಂತರ, ಆ ಒಂದು ದೋಸೆಯಿಂದ ಇಬ್ಬರಿಗೂ ಸೇರಿ ಆಗುವ ಲಾಭ. 'ಕ' ಬಿಂದುವಿನ ಎಡಕ್ಕೆ ಎಲ್ಲೇ ನೋಡಿದರೂ ಈ ಅಂತರ ಇರುತ್ತದೆ. 'ಕ' ಹತ್ತಿರ ಬಂದಂತೆ ಸಣ್ಣದಾಗುತ್ತದೆ. 700ನೇ ದೋಸೆಯಲ್ಲಿ ಸೊನ್ನೆ.

50 ರೂಪಾಯಿಯ ಗೆರೆಯ ಮೇಲೆ, ಬೇಡಿಕೆ ರೇಖೆಯ ಕೆಳಗೆ ಇರುವ ತ್ರಿಕೋನ ಗ್ರಾಹಕರ ಲಾಭ. ಪಠ್ಯದಲ್ಲಿ ಇದೇ ಕನ್ಸೂಮರ್ ಸರ್‌ಪ್ಲಸ್. ಇಲ್ಲಿ ಅದು ½ × 70 × 700 = 24,500 ರೂಪಾಯಿ. ಗೆರೆಯ ಕೆಳಗೆ, ಪೂರೈಕೆ ರೇಖೆಯ ಮೇಲೆ ಇರುವುದು ಅಂಗಡಿಯವರ ಲಾಭ, ಅಂದರೆ ಪ್ರೊಡ್ಯೂಸರ್ ಸರ್‌ಪ್ಲಸ್. ಅದು ½ × 35 × 700 = 12,250. ಒಟ್ಟು 36,750 ರೂಪಾಯಿ.

ಹೆಜ್ಜೆ 2: ತೆರಿಗೆಯನ್ನು ಎರಡು ರೇಖೆಗಳ ನಡುವೆ ತೂರಿಸಿ

ಈಗ ಒಂದೊಂದು ದೋಸೆಗೆ 15 ರೂಪಾಯಿ ತೆರಿಗೆ ಬಂತು. ಇನ್ನು ಮುಂದೆ ಬೆಲೆ ಒಂದಲ್ಲ, ಎರಡು. ಗ್ರಾಹಕರು ಕೊಡುವ ಬೆಲೆ ಒಂದು, ಅಂಗಡಿಯವರ ಕೈಯಲ್ಲಿ ಉಳಿಯುವ ಬೆಲೆ ಇನ್ನೊಂದು. ಎರಡರ ನಡುವೆ ಸರಿಯಾಗಿ 15 ರೂಪಾಯಿ ಅಂತರ.

ಗ್ರಾಫಿನಲ್ಲಿ ಇದನ್ನು ಹುಡುಕುವ ಸುಲಭ ದಾರಿ: 15 ರೂಪಾಯಿ ಅಂದರೆ ಒಂದೂವರೆ ಸೆಂಟಿಮೀಟರ್. ಸ್ಕೇಲನ್ನು ನೇರವಾಗಿ ನಿಲ್ಲಿಸಿ. 'ಕ' ಬಿಂದುವಿನಿಂದ ಎಡಕ್ಕೆ ಸರಿಸುತ್ತಾ ಹೋಗಿ. ಎರಡು ರೇಖೆಗಳ ನಡುವಿನ ಅಂತರ ಸರಿಯಾಗಿ ಒಂದೂವರೆ ಸೆಂಟಿಮೀಟರ್ ಆದ ಕಡೆ ನಿಲ್ಲಿಸಿ. ಅದು 600ರಲ್ಲಿ ಸಿಗುತ್ತದೆ. ಮೇಲಿನ ತುದಿ (600, 60), ಇದನ್ನು 'ಖ' ಅನ್ನೋಣ. ಕೆಳಗಿನ ತುದಿ (600, 45), ಇದು 'ಗ'.

ಸಮೀಕರಣದಲ್ಲಿ ಮಾಡಿದರೂ ಅದೇ ಬರುತ್ತದೆ. ಗ್ರಾಹಕರ ಬೆಲೆ Pb ಆದರೆ ಅಂಗಡಿಯವರಿಗೆ ಸಿಗುವುದು Ps = Pb − 15:

```
1200 - 10Pb = 20(Pb - 15) - 300
30Pb = 1800
Pb = 60, Ps = 45, Q = 600
```

ಪೂರೈಕೆ ರೇಖೆಯನ್ನು 15 ರೂಪಾಯಿ ಮೇಲಕ್ಕೆ ಸರಿಸಿ ಬಿಡಿಸುವ ಪದ್ಧತಿಯೂ ಇದೆ. ಆಗ ಹೊಸ ರೇಖೆ 30 ರೂಪಾಯಿಯಿಂದ ಹೊರಟು 'ಖ'ನಲ್ಲಿ ಬೇಡಿಕೆಯನ್ನು ಕೂಡುತ್ತದೆ. ತೆರಿಗೆ ಕಟ್ಟುವ ಹೊಣೆ ಗ್ರಾಹಕರದ್ದು ಎಂದಿದ್ದರೆ ಬೇಡಿಕೆ ರೇಖೆಯನ್ನು 15 ರೂಪಾಯಿ ಕೆಳಕ್ಕೆ ಸರಿಸುತ್ತೀರಿ, ಆಗ ಅದು 'ಗ'ನಲ್ಲಿ ಪೂರೈಕೆಯನ್ನು ಕೂಡುತ್ತದೆ. ಮೂರೂ ದಾರಿಯಲ್ಲಿ ಉತ್ತರ ಒಂದೇ: 600 ದೋಸೆ, 60 ಮತ್ತು 45. ಕಾಯ್ದೆ ಯಾರ ಹೆಸರು ಬರೆದರೂ ಹೊರೆ ಹಂಚಿಕೆಯಾಗುವುದು ರೇಖೆಗಳ ಇಳಿಜಾರಿನಿಂದ. ಇಲ್ಲಿ 15ರಲ್ಲಿ 10 ರೂಪಾಯಿ ಗ್ರಾಹಕರ ಮೇಲೆ, 5 ರೂಪಾಯಿ ಅಂಗಡಿಯವರ ಮೇಲೆ ಬಿತ್ತು.

ಹೆಜ್ಜೆ 3: ಯಾರು ಎಷ್ಟು ಕಳೆದುಕೊಂಡರು?

ಗ್ರಾಹಕರಿಂದ ಶುರು ಮಾಡೋಣ. ಈಗಲೂ ತಿನ್ನುತ್ತಿರುವ 600 ದೋಸೆಗೆ ತಲಾ 10 ರೂಪಾಯಿ ಜಾಸ್ತಿ ಕೊಟ್ಟರು, 6,000 ರೂಪಾಯಿ. ತಿನ್ನುವುದನ್ನು ಬಿಟ್ಟ 100 ದೋಸೆಯಿಂದ ಸಿಗುತ್ತಿದ್ದ ಲಾಭವೂ ಹೋಯಿತು. ಅದು ½ × 10 × 100 = 500. ಒಟ್ಟು 6,500.

ಅಂಗಡಿಯವರಿಗೆ 600 ದೋಸೆಯ ಮೇಲೆ ತಲಾ 5 ರೂಪಾಯಿ ಕಡಿಮೆ ಬಂತು, 3,000. ಹಾಕದೆ ಉಳಿದ 100 ದೋಸೆಯ ಲಾಭ ½ × 5 × 100 = 250. ಒಟ್ಟು 3,250.

ಇಬ್ಬರೂ ಸೇರಿ ಕಳೆದುಕೊಂಡದ್ದು 9,750 ರೂಪಾಯಿ. ಖಜಾನೆಗೆ ಬಂದದ್ದು 15 × 600 = 9,000. ಉಳಿದ 750 ರೂಪಾಯಿ ಯಾರಿಗೂ ಸಿಗಲಿಲ್ಲ.

ಗ್ರಾಫ್ ನೋಡಿ. ಆ 750 ರೂಪಾಯಿ 'ಕ-ಖ-ಗ' ತ್ರಿಕೋನದಲ್ಲಿದೆ. 'ಖ'ದಿಂದ 'ಗ'ಕ್ಕೆ ನಿಂತಿರುವ ಗೆರೆ 15 ರೂಪಾಯಿ, ಅಲ್ಲಿಂದ 'ಕ'ವರೆಗಿನ ಅಡ್ಡ ದೂರ 100 ದೋಸೆ. ½ × 15 × 100 = 750. ಇಲ್ಲಿ ಮೊದಲು ಇಟ್ಟುಕೊಂಡ ಅಳತೆ ನೆರವಿಗೆ ಬರುತ್ತದೆ. ನಮ್ಮ ಹಾಳೆಯಲ್ಲಿ ಒಂದು ಚದರ ಸೆಂಟಿಮೀಟರ್ ಅಂದರೆ 100 ದೋಸೆ × 10 ರೂಪಾಯಿ, ಅಂದರೆ 1,000 ರೂಪಾಯಿ. ತೆರಿಗೆಯ ಆಯತ 6 × 1.5 = 9 ಚದರ ಸೆಂಟಿಮೀಟರ್. ತ್ರಿಕೋನ ಮುಕ್ಕಾಲು ಚದರ ಸೆಂಟಿಮೀಟರ್. ಚೌಕಗಳನ್ನು ಎಣಿಸಿಯೇ ಉತ್ತರ ತಾಳೆ ನೋಡಬಹುದು.

ಇನ್ನೊಂದು ತಾಳೆಯೂ ಇದೆ, ಪರೀಕ್ಷೆಯಲ್ಲಿ ತಪ್ಪದೆ ಮಾಡಿ. ತೆರಿಗೆಯ ನಂತರ ಗ್ರಾಹಕರ ಲಾಭ ½ × 60 × 600 = 18,000. ಅಂಗಡಿಯವರ ಲಾಭ ½ × 30 × 600 = 9,000. ಖಜಾನೆಗೆ 9,000. ಕೂಡಿದರೆ 36,000. ಮೊದಲಿದ್ದದ್ದು 36,750. ವ್ಯತ್ಯಾಸ 750 ಬಂದರೆ ಲೆಕ್ಕ ಸರಿ.

650ನೇ ದೋಸೆಯ ಕಥೆ

ಲೆಕ್ಕ ಬಂತು, ಆದರೆ ನಷ್ಟ ಆದದ್ದು ಎಲ್ಲಿ? ಇದನ್ನು ಬಿಡಿಸಿ ಹೇಳಲಾಗದ ವಿದ್ಯಾರ್ಥಿ ಸೂತ್ರ ಬಾಯಿಪಾಠ ಮಾಡಿರುತ್ತಾರೆ, ಅಷ್ಟೇ. ಅದಕ್ಕೆ ಒಂದೇ ಒಂದು ದೋಸೆಯನ್ನು ಹಿಡಿದು ನೋಡೋಣ.

ಅಡ್ಡ ಅಕ್ಷದಲ್ಲಿ 650ರ ಮೇಲೆ ಬೆರಳಿಡಿ. ಮೇಲೆ ಹೋದರೆ ಪೂರೈಕೆ ರೇಖೆ 47.50ರಲ್ಲಿ ಸಿಗುತ್ತದೆ, ಬೇಡಿಕೆ ರೇಖೆ 55ರಲ್ಲಿ. ಅಂದರೆ ಈ ದೋಸೆಗೆ 55 ರೂಪಾಯಿವರೆಗೆ ಕೊಡಲು ಒಬ್ಬ ವಿದ್ಯಾರ್ಥಿ ತಯಾರಿದ್ದಾಳೆ. 47.50 ಸಿಕ್ಕರೆ ಹಾಕಿಕೊಡಲು ಒಬ್ಬ ಭಟ್ಟರು ತಯಾರಿದ್ದಾರೆ. ತೆರಿಗೆ ಇಲ್ಲದಿದ್ದಾಗ ಅವಳು 50 ಕೊಟ್ಟು ತಿಂದಳು. ಅವಳಿಗೆ 5 ರೂಪಾಯಿ ಲಾಭ, ಭಟ್ಟರಿಗೆ ಎರಡೂವರೆ ರೂಪಾಯಿ. ಒಟ್ಟು ಏಳೂವರೆ.

ಈಗ ಇವರಿಬ್ಬರ ನಡುವೆ 15 ರೂಪಾಯಿ ತೆರಿಗೆ ಬಂದು ಕೂತಿತು. ಇಡೀ ವ್ಯವಹಾರದ ಲಾಭವೇ ಏಳೂವರೆ, ಅದರಲ್ಲಿ 15 ಕಟ್ಟುವುದು ಹೇಗೆ? ಅವಳು ಹೊಸ ಬೆಲೆ 60 ನೋಡಿ ವಾಪಸ್ ಹೋದಳು. ಭಟ್ಟರ ಕಾವಲಿ ಅಷ್ಟು ಹೊತ್ತು ಖಾಲಿ. ಈ ದೋಸೆಯಿಂದ ಸರ್ಕಾರಕ್ಕೆ ಬಂದದ್ದೆಷ್ಟು? ಸೊನ್ನೆ. ಹಾಕದ ದೋಸೆಗೆ ಯಾರೂ ತೆರಿಗೆ ಕಟ್ಟುವುದಿಲ್ಲ. ಅವಳು ಕಳೆದುಕೊಂಡಳು, ಅವರು ಕಳೆದುಕೊಂಡರು, ಖಜಾನೆಗೆ ಏನೂ ಬರಲಿಲ್ಲ.

601ರಿಂದ 700ರವರೆಗಿನ ಪ್ರತಿ ದೋಸೆಯ ಕಥೆಯೂ ಇದೇ. ಒಂದೊಂದರ ಕಳೆದುಹೋದ ಲಾಭವನ್ನು ಒಂದು ನಿಂತ ಗೆರೆಯಾಗಿ ಎಳೆಯಿರಿ. ಎಡಗಡೆ ಗೆರೆ ಹೆಚ್ಚುಕಡಿಮೆ 15 ರೂಪಾಯಿ ಎತ್ತರ, ಬಲಗಡೆ ಸೊನ್ನೆ. ಆ ಗೆರೆಗಳನ್ನೆಲ್ಲ ಒತ್ತಾಗಿ ಜೋಡಿಸಿದರೆ ಆಗುವುದೇ ನಮ್ಮ ತ್ರಿಕೋನ.

ಮೊದಲ 600 ದೋಸೆಗಳ ಮೇಲೆ ಕಟ್ಟಿದ ತೆರಿಗೆ ಹಾಗಲ್ಲ. ಅದು ಒಬ್ಬರ ಜೇಬಿನಿಂದ ಇನ್ನೊಂದು ಜೇಬಿಗೆ ಹೋದ ಹಣ. ಆ ಹಣದಿಂದ ರಸ್ತೆಯೋ ಆಸ್ಪತ್ರೆಯೋ ಆಗಬಹುದು. ಕಟ್ಟಿದವರಿಗೆ ಅದು ಕಷ್ಟವೇ, ಆದರೆ ಸಮಾಜದ ಲೆಕ್ಕದಲ್ಲಿ ಅದು ಮಾಯವಾಗಲಿಲ್ಲ.

ಕಿಟಕಿ ಮುಚ್ಚಿದ ಇಂಗ್ಲೆಂಡ್

ಇದು ಬರೀ ಹಾಳೆಯ ಮೇಲಿನ ಮಾತಲ್ಲ. ಇಂಗ್ಲೆಂಡಿನಲ್ಲಿ 1696ರಲ್ಲಿ ಮನೆಗಳ ಕಿಟಕಿ ಎಣಿಸಿ ತೆರಿಗೆ ಹಾಕುವ ಪದ್ಧತಿ ಬಂತು. ಅದು ರದ್ದಾದದ್ದು 1851ರಲ್ಲಿ. 1747ರಲ್ಲಿ ಬಂದ ದರ ನೋಡಿ: ಮನೆಗೆ 10ರಿಂದ 14 ಕಿಟಕಿ ಇದ್ದರೆ ಒಂದೊಂದಕ್ಕೂ 6 ಪೆನ್ಸ್. 15ರಿಂದ 19 ಇದ್ದರೆ 9 ಪೆನ್ಸ್. 20 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಒಂದು ಶಿಲಿಂಗ್. ಮನೆಯ ಮೇಲಿನ ನಿಗದಿ ತೆರಿಗೆ ಬೇರೆ, ಅದನ್ನು ಸದ್ಯ ಬಿಡೋಣ.

ಒಂಬತ್ತು ಕಿಟಕಿಯ ಮನೆಗೆ ಕಿಟಕಿ ತೆರಿಗೆ ಸೊನ್ನೆ. ಹತ್ತನೆಯದು ಬಂತೆಂದರೆ ಹತ್ತಕ್ಕೂ ಸೇರಿ 60 ಪೆನ್ಸ್, ಅಂದರೆ 5 ಶಿಲಿಂಗ್. ಹಾಗಾಗಿ ಆ ಒಂದು ಕಿಟಕಿಯ ಮೇಲೆ ಬಿದ್ದ ತೆರಿಗೆಯೇ 5 ಶಿಲಿಂಗ್. ವರ್ಷವಿಡೀ ಬರುವ ಅದರ ಬೆಳಕು, ಗಾಳಿ ಒಂದು ಕುಟುಂಬಕ್ಕೆ 4 ಶಿಲಿಂಗ್ ಬೆಲೆಬಾಳುತ್ತಿತ್ತು ಎಂದಿಟ್ಟುಕೊಳ್ಳಿ. ಅವರು ಇಟ್ಟಿಗೆ ಇಟ್ಟು ಅದನ್ನು ಮುಚ್ಚುತ್ತಾರೆ. ಸರ್ಕಾರಕ್ಕೆ ಒಂದು ಪೆನ್ನಿಯೂ ಬರಲಿಲ್ಲ, ಕೋಣೆ ಮಾತ್ರ ಕತ್ತಲಾಯಿತು. ಹಾಗೆ ಮುಚ್ಚಿದಂತಿರುವ ಕಿಟಕಿಗಳನ್ನು ಅಲ್ಲಿನ ಹಳೆಯ ಕಟ್ಟಡಗಳಲ್ಲಿ ಇವತ್ತಿಗೂ ನೋಡಬಹುದು. ಆ ದರ ಜಾರಿಯಲ್ಲಿದ್ದ ಕಾಲದ ದಾಖಲೆಗಳಲ್ಲಿ 9, 14, 19 ಕಿಟಕಿಯ ಮನೆಗಳು ಎದ್ದು ಕಾಣುವಷ್ಟು ಹೆಚ್ಚಾಗಿವೆ. ದರ ಏರುವ ಹೊಸ್ತಿಲಿನ ಹಿಂದೆಯೇ ಜನ ನಿಂತಿದ್ದರು. 650ನೇ ದೋಸೆಗೂ ಹತ್ತನೇ ಕಿಟಕಿಗೂ ಆದದ್ದು ಒಂದೇ.

ಹೆಜ್ಜೆ 4: ತೆರಿಗೆಯನ್ನು ದುಪ್ಪಟ್ಟು ಮಾಡಿ ನೋಡಿ

ಅದೇ ಹಾಳೆಯಲ್ಲಿ ತೆರಿಗೆಯನ್ನು 30 ರೂಪಾಯಿ ಮಾಡಿ. ಸ್ಕೇಲನ್ನು ಇನ್ನೂ ಎಡಕ್ಕೆ ಸರಿಸಿದರೆ 3 ಸೆಂಟಿಮೀಟರ್ ಅಂತರ 500ರಲ್ಲಿ ಸಿಗುತ್ತದೆ. ಹೀಗೇ ಮುಂದುವರಿಸಿದರೆ:

| ತೆರಿಗೆ (ರೂ.) | ದೋಸೆ | ಖಜಾನೆಗೆ (ರೂ.) | ಡೆಡ್‌ವೇಟ್ ಲಾಸ್ (ರೂ.) |
|---|---|---|---|
| 15 | 600 | 9,000 | 750 |
| 30 | 500 | 15,000 | 3,000 |
| 45 | 400 | 18,000 | 6,750 |
| 60 | 300 | 18,000 | 12,000 |

ತೆರಿಗೆ ಎರಡು ಪಟ್ಟಾದರೆ ನಷ್ಟ ನಾಲ್ಕು ಪಟ್ಟು, ಮೂರು ಪಟ್ಟಾದರೆ ಒಂಬತ್ತು ಪಟ್ಟು. ಕಾರಣ ಚಿತ್ರದಲ್ಲೇ ಇದೆ. ತೆರಿಗೆ ಏರಿದಾಗ ತ್ರಿಕೋನದ ನಿಂತ ಬದಿಯೂ ಬೆಳೆಯುತ್ತದೆ, ಅಡ್ಡ ಅಗಲವೂ ಬೆಳೆಯುತ್ತದೆ. ಫ್ರಾನ್ಸಿನ ಎಂಜಿನಿಯರ್ ಜೂಲ್ಸ್ ಡ್ಯುಪ್ವಿ ಇದನ್ನು 1844ರಲ್ಲೇ ಹೇಳಿದ್ದರು. 20ನೇ ಶತಮಾನದಲ್ಲಿ ಅಮೆರಿಕದ ಆರ್ನಲ್ಡ್ ಹಾರ್ಬರ್ಗರ್ ಇಂಥ ತ್ರಿಕೋನಗಳನ್ನು ನಿಜವಾದ ಅಂಕಿಅಂಶಗಳಿಂದ ಅಳೆಯಲು ಹೊರಟ ಮೇಲೆ ಇದಕ್ಕೆ ಹಾರ್ಬರ್ಗರ್ ತ್ರಿಕೋನ ಎಂಬ ಹೆಸರೇ ಬಂತು.

ಕೋಷ್ಟಕದ ಕೊನೆಯ ಎರಡು ಸಾಲು ನಿಧಾನವಾಗಿ ಓದಿ. 45ರಿಂದ 60ಕ್ಕೆ ಏರಿಸಿದರೂ ಖಜಾನೆಗೆ ಒಂದು ರೂಪಾಯಿಯೂ ಹೆಚ್ಚಾಗಲಿಲ್ಲ. ನಷ್ಟ ಮಾತ್ರ 5,250 ರೂಪಾಯಿ ಏರಿತು.

ತೆರಿಗೆಯನ್ನು ಹಲವು ವಸ್ತುಗಳ ಮೇಲೆ ತೆಳುವಾಗಿ ಹರಡಿ ಎಂದು ಅರ್ಥಶಾಸ್ತ್ರಜ್ಞರು ಹೇಳುವುದಕ್ಕೂ ಇದೇ ಕಾರಣ. ಸರ್ಕಾರಕ್ಕೆ 18,000 ರೂಪಾಯಿ ಬೇಕು ಅನ್ನೋಣ. ದೋಸೆಯೊಂದರ ಮೇಲೆಯೇ ಹಾಕಿದರೆ ತೆರಿಗೆ 45 ರೂಪಾಯಿ, ನಷ್ಟ 6,750. ಇದೇ ಅಂಕಿಗಳಿರುವ, ದೋಸೆಗೆ ಸಂಬಂಧವೇ ಇಲ್ಲದ ಇನ್ನೊಂದು ವಸ್ತು ಇದ್ದು ಎರಡರ ಮೇಲೂ 15 ರೂಪಾಯಿ ಹಾಕಿದರೆ ಅದೇ 18,000 ಬರುತ್ತದೆ, ನಷ್ಟ 1,500 ಮಾತ್ರ. ಸಂಬಂಧ ಇಲ್ಲದಿರುವುದು ಮುಖ್ಯ. ಎರಡನೆಯದು ಇಡ್ಲಿ ಆಗಿದ್ದರೆ ಜನ ಒಂದರಿಂದ ಇನ್ನೊಂದಕ್ಕೆ ಹೊರಳುತ್ತಾರೆ, ಆಗ ಈ ಸರಳ ಲೆಕ್ಕ ನಡೆಯದು.

ಹೆಜ್ಜೆ 5: ಬೇಡಿಕೆ ರೇಖೆಯನ್ನು ಕಡಿದಾಗಿಸಿ

'ಕ' ಬಿಂದುವಿನ ಮೂಲಕವೇ ಇನ್ನೊಂದು, ಹೆಚ್ಚು ಕಡಿದಾದ ಬೇಡಿಕೆ ರೇಖೆ ಎಳೆಯಿರಿ: Qd = 950 − 5P. ಬೆಲೆ ಏರಿದರೂ ಜನ ಅಷ್ಟಾಗಿ ಬಿಡದ ವಸ್ತು ಇದು. 15 ರೂಪಾಯಿ ತೆರಿಗೆಗೆ ಗ್ರಾಹಕರ ಬೆಲೆ 62, ಅಂಗಡಿಯವರದು 47, ಪ್ರಮಾಣ 640. ನಷ್ಟ ½ × 15 × 60 = 450. ತ್ರಿಕೋನ ಕಿರಿದಾಯಿತು, ಖಜಾನೆಗೆ ಬಂದದ್ದು 9,600ಕ್ಕೆ ಏರಿತು. ಬೆಲೆ ಬದಲಾದಾಗ ಪ್ರಮಾಣ ಎಷ್ಟು ಬದಲಾಗುತ್ತದೆ ಅನ್ನುವುದೇ ಸ್ಥಿತಿಸ್ಥಾಪಕತ್ವ. ಅದು ಕಡಿಮೆ ಇದ್ದಷ್ಟೂ ಡೆಡ್‌ವೇಟ್ ಲಾಸ್ ಕಡಿಮೆ.

ಇಲ್ಲಿ ಒಂದು ಎಚ್ಚರ ಬೇಕು. ಈ ತರ್ಕವನ್ನೇ ಹಿಡಿದು ಹೋದರೆ ಉಪ್ಪಿಗಿಂತ ಒಳ್ಳೆಯ ತೆರಿಗೆ ಇಲ್ಲ ಅನ್ನಬೇಕಾಗುತ್ತದೆ, ಯಾಕೆಂದರೆ ಉಪ್ಪು ಬಿಟ್ಟು ಬದುಕುವವರಿಲ್ಲ. ಆದರೆ 1930ರಲ್ಲಿ ಗಾಂಧೀಜಿ ದಂಡಿಗೆ ನಡೆದದ್ದು ಆ ತೆರಿಗೆಯ ವಿರುದ್ಧವೇ. ಬಡವರೂ ಬಿಡಲಾಗದ ವಸ್ತು ಅದು. ತ್ರಿಕೋನ ಎಷ್ಟು ದೊಡ್ಡದು ಅನ್ನುವುದು ಒಂದು ಪ್ರಶ್ನೆ. ಹೊರೆ ಬಡವರ ಮೇಲೆ ಬಿತ್ತೋ ಶ್ರೀಮಂತರ ಮೇಲೆ ಬಿತ್ತೋ ಅನ್ನುವುದು ಬೇರೆಯೇ ಪ್ರಶ್ನೆ. ನಮ್ಮ ಗ್ರಾಫಿಗೆ ಎರಡನೆಯದು ಗೊತ್ತಿಲ್ಲ. ಅದಕ್ಕೆ ಬಡವರ ಒಂದು ರೂಪಾಯಿಯೂ ಶ್ರೀಮಂತರ ಒಂದು ರೂಪಾಯಿಯೂ ಒಂದೇ.

ಉತ್ತರ ತಪ್ಪಿದರೆ ಎಲ್ಲಿ ಹುಡುಕಬೇಕು

ನಷ್ಟ 750 ಬದಲು 500 ಬಂದಿದ್ದರೆ ತೆರಿಗೆಯ ಬದಲು ಬೆಲೆ ಏರಿಕೆಯನ್ನು, ಅಂದರೆ 10 ರೂಪಾಯಿಯನ್ನು ತೆಗೆದುಕೊಂಡಿದ್ದೀರಿ. ಆಗ ಗ್ರಾಹಕರ ಪಾಲಿನ ತುಂಡು ಮಾತ್ರ ಸಿಕ್ಕಿತು, 50ರ ಗೆರೆಯ ಕೆಳಗಿನ 250 ಬಿಟ್ಟುಹೋಯಿತು. ತೆರಿಗೆ ಹಣ 10,500 ಬಂದಿದ್ದರೆ ಹಳೆಯ 700ರಿಂದ ಗುಣಿಸಿದ್ದೀರಿ. ಗ್ರಾಹಕರ ಬೆಲೆ 65 ಬಂದಿದ್ದರೆ ಹಳೆಯ ಬೆಲೆಗೆ ಇಡೀ ತೆರಿಗೆಯನ್ನು ಸುಮ್ನೆ ಕೂಡಿಸಿದ್ದೀರಿ. ಪೂರೈಕೆ ರೇಖೆ ಅಡ್ಡ ಚಪ್ಪಟೆಯಾಗಿದ್ದರೆ ಅಥವಾ ಬೇಡಿಕೆ ರೇಖೆ ನೆಟ್ಟಗೆ ನಿಂತಿದ್ದರೆ ಮಾತ್ರ ಅದು ಸರಿ.

ಚಿತ್ರದಲ್ಲಿ ಹೆಚ್ಚಾಗಿ ಕಾಣುವ ತಪ್ಪು ಇನ್ನೊಂದಿದೆ. ರೇಖೆಯನ್ನು ಎಡಕ್ಕೆ 15 ಸರಿಸುತ್ತಾರೆ. ತೆರಿಗೆ ರೂಪಾಯಿಯಲ್ಲಿದೆ, ರೂಪಾಯಿ ಇರುವುದು ಲಂಬ ಅಕ್ಷದಲ್ಲಿ. ಆದ್ದರಿಂದ ಸರಿಸಬೇಕಾದದ್ದು ಮೇಲಕ್ಕೆ ಅಥವಾ ಕೆಳಕ್ಕೆ. ತ್ರಿಕೋನದ ತುದಿ ಯಾವಾಗಲೂ ತೆರಿಗೆ ಇಲ್ಲದಾಗಿನ ಸಮತೋಲನದ ಕಡೆಗೆ, ಅಂದರೆ ಬಲಕ್ಕೆ ಚಾಚಿರಬೇಕು. ಎಡಕ್ಕೆ ಚಾಚಿದ್ದರೆ ಬೇರೆ ಯಾವುದೋ ಜಾಗಕ್ಕೆ ಬಣ್ಣ ಬಳಿದಿದ್ದೀರಿ.

ಈ ತ್ರಿಕೋನ ನಂಬಬಾರದ ಸಂದರ್ಭ

ಇದುವರೆಗೆ ದೋಸೆಯಿಂದ ಮೂರನೆಯವರಿಗೆ ತೊಂದರೆ ಇಲ್ಲ ಎಂದುಕೊಂಡಿದ್ದೆವು. ಸೌದೆ ಒಲೆಯ ಹೊಗೆಯಿಂದ ಅಕ್ಕಪಕ್ಕದವರಿಗೆ ಒಂದೊಂದು ದೋಸೆಗೂ 15 ರೂಪಾಯಿಯಷ್ಟು ಹಾನಿ ಆಗುತ್ತಿದ್ದರೆ? ಪೂರೈಕೆ ರೇಖೆಗಿಂತ 15 ರೂಪಾಯಿ ಮೇಲೆ ಇನ್ನೊಂದು ರೇಖೆ ಎಳೆಯಿರಿ. ಅದು ಸಮಾಜದ ನಿಜವಾದ ಖರ್ಚಿನ ರೇಖೆ, ಬೇಡಿಕೆಯನ್ನು 'ಖ'ನಲ್ಲೇ ಕೂಡುತ್ತದೆ. ಈಗ 650ನೇ ದೋಸೆಯನ್ನು ಮತ್ತೆ ನೋಡಿ. ತಿನ್ನುವವಳಿಗೆ ಅದರ ಬೆಲೆ 55. ಹಾಕುವ ಖರ್ಚು 47.50, ಜೊತೆಗೆ ಹೊಗೆಯ 15, ಒಟ್ಟು 62.50. ಆ ದೋಸೆ ಆಗದಿರುವುದೇ ಒಳ್ಳೆಯದು. ಈಗ ನಷ್ಟದ ತ್ರಿಕೋನ ಇರುವುದು ತೆರಿಗೆ ಇಲ್ಲದ ಮಾರುಕಟ್ಟೆಯಲ್ಲಿ: ಮೂಲೆಗಳು (600, 60), (700, 50) ಮತ್ತು (700, 65), ಅಳತೆ ಅದೇ 750. ತೆರಿಗೆ ಬಂದು ಅದನ್ನು ಅಳಿಸುತ್ತದೆ.

ಹಾಗಾಗಿ ಪ್ರಶ್ನೆಪತ್ರಿಕೆಯಲ್ಲಿ ಸಿಗರೇಟು, ಕಲ್ಲಿದ್ದಲು, ಡೀಸೆಲ್ ಥರದ ವಸ್ತು ಕಂಡರೆ ಮೂರನೆಯವರಿಗೆ ಆಗುವ ಹಾನಿಯ ಅಂಕಿ ಕೊಟ್ಟಿದ್ದಾರಾ ಎಂದು ಮೊದಲು ನೋಡಿ. ಕೊಟ್ಟಿದ್ದರೆ ಆ ರೇಖೆಯನ್ನು ಎಳೆದ ಮೇಲೆಯೇ ತ್ರಿಕೋನಕ್ಕೆ ಬಣ್ಣ ತುಂಬಿ.